ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆಯುವುದು ಹೇಗೆ?

ಠಾಣೆಗೆ ಹೋದೆವು, ದೂರು ತೆಗೆದುಕೊಳ್ಳಲಿಲ್ಲ, ಈಗ ಎಸ್‌ಪಿಯವರಿಗೆ ಏನೆಂದು ಬರೆಯಬೇಕು? ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲವರು ತಾವು ಈಗಾಗಲೇ ಕಳುಹಿಸಿದ ಪತ್ರವನ್ನೂ ತೋರಿಸುತ್ತಾರೆ. ಅಂಥ ಪತ್ರಗಳಲ್ಲಿ ಹೆಚ್ಚಿನವು ಬಿದ್ದುಹೋಗುವುದು ಒಂದೇ ಕಾರಣಕ್ಕೆ. ಠಾಣೆಯವರು ಎಷ್ಟು ಹೊತ್ತು ಕಾಯಿಸಿದರು, ಯಾರು ಗದರಿದರು, ಯಾರು ಏಕವಚನದಲ್ಲಿ ಮಾತನಾಡಿದರು ಎಂಬುದು ಪುಟಗಟ್ಟಲೆ ಇರುತ್ತದೆ. ನಡೆದ ಅಪರಾಧದ ಬಗ್ಗೆ ನಾಲ್ಕು ಸಾಲು ಮಾತ್ರ ಇರುತ್ತದೆ.

ನೊಂದವರ ಸಿಟ್ಟು ನ್ಯಾಯವಾದದ್ದೇ. ಆದರೆ ಈ ಪತ್ರವನ್ನು ಓದುವ ಅಧಿಕಾರಿಯ ಮುಂದೆ ಕಾನೂನು ಇಡುವ ಪ್ರಶ್ನೆ ಬೇರೆ: ಇದರಲ್ಲಿರುವ ಸಂಗತಿಗಳನ್ನು ಓದಿದರೆ ಪೊಲೀಸರೇ ತನಿಖೆ ಮಾಡಬೇಕಾದ ಅಪರಾಧ ಕಾಣುತ್ತದೆಯೇ? ಕಂಡರೆ ಅವರು ಸ್ವತಃ ತನಿಖೆ ಮಾಡಬೇಕು ಅಥವಾ ಕೈಕೆಳಗಿನ ಅಧಿಕಾರಿಯಿಂದ ಮಾಡಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4) ಹೇಳುವುದು ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಗೆ ಮುಂಚೆ ದಂಡ ಪ್ರಕ್ರಿಯಾ ಸಂಹಿತೆಯ 154(3)ರಲ್ಲಿ ಇದೇ ಅವಕಾಶವಿತ್ತು. ಹಳೆಯ ಮಾದರಿ ಪತ್ರಗಳಲ್ಲಿ ಆ ಸಂಖ್ಯೆ ಕಂಡರೆ ಬದಲಿಸಿಕೊಳ್ಳಿ.

ವಿಷಯ ಕೈಗೆ ಸಿಗಲೆಂದು ಒಂದು ಉದಾಹರಣೆಯನ್ನು ಉದ್ದಕ್ಕೂ ಇಟ್ಟುಕೊಳ್ಳೋಣ. ಮಾರ್ಚ್ 10ರ ಸಂಜೆ ನೀವು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಬೈಕ್ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ ಹೋಗಿದ್ದೀರಿ. ಮರಳಿ ಬಂದಾಗ ಬೈಕ್ ಇಲ್ಲ. ರಾತ್ರಿ ಠಾಣೆಗೆ ಹೋದರೆ, ಸುತ್ತಮುತ್ತ ಹುಡುಕಿ, ನಾಳೆ ಬನ್ನಿ ಎಂದರು. ಮರುದಿನ ಹೋದರೆ, ಆ ರಸ್ತೆ ನಮ್ಮ ಸರಹದ್ದಿಗೆ ಬರುವುದಿಲ್ಲ ಎಂದರು.

1. ನಿಮ್ಮ ದೂರು ಯಾವ ಬಗೆಯದು ಎಂದು ಮೊದಲು ನೋಡಿಕೊಳ್ಳಿ

ಅಪರಾಧಗಳಲ್ಲಿ ಎರಡು ಬಗೆ. ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಆರಂಭಿಸಬಹುದಾದವು ಸಂಜ್ಞೇಯ ಅಪರಾಧಗಳು. ಕಳವು, ದರೋಡೆ, ಮನೆಗೆ ಕನ್ನ ಹಾಕುವುದು, ವಂಚಿಸಿ ಹಣ ಪಡೆಯುವುದು, ಅತ್ಯಾಚಾರ ಇವೆಲ್ಲ ಈ ಗುಂಪಿನವು. ಇಂಥ ಅಪರಾಧದ ಮಾಹಿತಿ ಬಂದಾಗ ಠಾಣೆಯಲ್ಲಿ ದಾಖಲಾಗುವುದೇ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್. ಬರಿಯ ಬೈಗುಳ, ಗಾಯವಾಗದ ಸಣ್ಣ ಕೈಮಿಲಾಯಿಸುವಿಕೆಯಂಥವು ಸಾಮಾನ್ಯವಾಗಿ ಅಸಂಜ್ಞೇಯ. ಅವುಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಅಲ್ಲಿ ಎಫ್‌ಐಆರ್ ಆಗಲಿಲ್ಲ ಎಂದು ಎಸ್‌ಪಿಗೆ ಬರೆದರೆ ಫಲವಿಲ್ಲ.

ಕಳವಿನ ವಿಷಯದಲ್ಲಿ ಹೊಸ ಕಾನೂನು ತಂದಿರುವ ಒಂದು ವ್ಯತ್ಯಾಸ ಬಹಳ ಜನರಿಗೆ ಗೊತ್ತಿಲ್ಲ. ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಆ ಸಾಮಾನ್ಯ ಕಳವು ಈಗ ಅಸಂಜ್ಞೇಯ. ಹಾಗಾಗಿ ದೂರಿನಲ್ಲಿ ವಸ್ತುವಿನ ಅಂದಾಜು ಬೆಲೆ ಬರೆಯುವುದನ್ನು ಮರೆಯಬೇಡಿ. ನಮ್ಮ ಉದಾಹರಣೆಯ ಬೈಕಿನ ಬೆಲೆ 55,000 ರೂಪಾಯಿ ಎನ್ನೋಣ. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಅಡಿ ಇದು ಸಂಜ್ಞೇಯ ಅಪರಾಧ.

ಇನ್ನು ಠಾಣೆಯವರು ಕೊಡುವ ಕಾರಣಗಳು. ಸರಹದ್ದಿನ ಮಾತು ನಿಲ್ಲುವುದಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(1) ಸ್ಪಷ್ಟವಾಗಿ ಹೇಳಿದೆ. ಹೀಗೆ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುವುದನ್ನೇ ಶೂನ್ಯ ಎಫ್‌ಐಆರ್ ಎನ್ನುತ್ತಾರೆ. ಮೊದಲು ವಿಚಾರಣೆ ಮಾಡುತ್ತೇವೆ, ಆಮೇಲೆ ನೋಡೋಣ ಎಂಬ ಮಾತಿನಲ್ಲಿ ಮಾತ್ರ ಸ್ವಲ್ಪ ಹುರುಳಿರಬಹುದು. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಲು ಕಲಂ 173(3) ಅವಕಾಶ ಕೊಟ್ಟಿದೆ. ಅನುಮತಿಯೂ ಇಲ್ಲದೆ, ಗಡುವೂ ಇಲ್ಲದೆ ಬಾಯಿಮಾತಿನಲ್ಲಿ ತಿಂಗಳು ದೂಡುವುದು ಈ ಅವಕಾಶದೊಳಗೆ ಬರುವುದಿಲ್ಲ.

ಹಣದ ವ್ಯವಹಾರ, ಜಮೀನಿನ ತಕರಾರುಗಳಲ್ಲಿ ‘ಇದು ಸಿವಿಲ್ ಸ್ವರೂಪದ್ದು’ ಎನ್ನುವ ಉತ್ತರ ಸಾಮಾನ್ಯ. ಅದು ಕೆಲವೊಮ್ಮೆ ನಿಜವೂ ಹೌದು. ಕೊಟ್ಟ ಸಾಲ ವಾಪಸು ಬರಲಿಲ್ಲ ಎಂಬಷ್ಟಕ್ಕೇ ವಂಚನೆಯ ಅಪರಾಧವಾಗುವುದಿಲ್ಲ. ಹಣ ಪಡೆಯುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸುವ ಸಂಗತಿ ಬೇಕು. ಅದು ನಿಮ್ಮ ಬಳಿ ಇಲ್ಲದಿದ್ದರೆ ಎಸ್‌ಪಿಗೆ ಬರೆಯುವ ಮೊದಲು ಒಬ್ಬ ವಕೀಲರನ್ನು ಕಾಣುವುದು ಮೇಲು.

2. ಠಾಣೆಗೆ ಕೊಟ್ಟದ್ದಕ್ಕೆ ಪುರಾವೆ ಮಾಡಿಕೊಳ್ಳಿ

ಎಸ್‌ಪಿಗೆ ಬರೆಯುವ ಹಕ್ಕು ಹುಟ್ಟುವುದೇ ಠಾಣಾಧಿಕಾರಿ ನಿರಾಕರಿಸಿದ ಮೇಲೆ. ನೇರವಾಗಿ ಮೇಲಕ್ಕೆ ಹೋದರೆ, ‘ಠಾಣೆಗೆ ಹೋಗಿ’ ಎಂಬ ಉತ್ತರದೊಂದಿಗೆ ಅರ್ಜಿ ಮರಳುತ್ತದೆ. ಬಾಯಿಮಾತಿನಲ್ಲಿ ದೂರು ಹೇಳಿ ಬಂದವರ ಕೈಯಲ್ಲಿ ನಿರಾಕರಣೆಯ ಗುರುತೇ ಇರುವುದಿಲ್ಲ.

ಆದ್ದರಿಂದ ದೂರನ್ನು ಬರೆದು ಎರಡು ಪ್ರತಿ ಮಾಡಿಕೊಂಡು ಹೋಗಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಕೇಳಿ. ಎದುರು ಕುಳಿತವರು ನಿರಾಕರಿಸಿದರೆ, ಠಾಣಾಧಿಕಾರಿಯನ್ನೇ ಕಾಣಬೇಕೆಂದು ಹೇಳಿ. ಪಿಎಸ್‌ಐ ಅಥವಾ ಇನ್‌ಸ್ಪೆಕ್ಟರ್‌ಗೆ ವಿಷಯ ಗೊತ್ತೇ ಆಗದೆ ರೈಟರ್ ಮಟ್ಟದಲ್ಲೇ ನಿಂತುಹೋದ ದೂರುಗಳು ಅನೇಕ. ಆಗಲೂ ತೆಗೆದುಕೊಳ್ಳದಿದ್ದರೆ ವಾದ ಬೆಳೆಸದೆ ಹೊರಬನ್ನಿ. ಅದೇ ದಿನ ಅದೇ ದೂರನ್ನು ಠಾಣಾಧಿಕಾರಿಯ ಹೆಸರಿಗೆ ಸ್ಪೀಡ್ ಪೋಸ್ಟ್ ಮಾಡಿ. ಅಂಚೆ ಕಚೇರಿ ಕೊಡುವ ಚೀಟಿಯೇ ನಿಮ್ಮ ಪುರಾವೆ. ಠಾಣೆಗೆ ಇಮೇಲ್ ವಿಳಾಸವಿದ್ದರೆ ಅದಕ್ಕೂ ಕಳುಹಿಸಬಹುದು. ಎಲೆಕ್ಟ್ರಾನಿಕ್ ವಿಧಾನದಲ್ಲಿ ಕೊಟ್ಟ ಮಾಹಿತಿ ದಾಖಲಾಗಬೇಕಾದರೆ ಮೂರು ದಿನದೊಳಗೆ ನೀವು ಸಹಿ ಹಾಕಬೇಕು, ಅಷ್ಟು ನೆನಪಿರಲಿ.

ಇಲ್ಲಿ ಒಂದು ದೊಡ್ಡ ಹಳ್ಳವಿದೆ. ಎಫ್‌ಐಆರ್ ಬೇಡ, ‘ವಸ್ತು ಕಳೆದುಹೋಗಿದೆ’ ಎಂದು ಬರೆದುಕೊಡಿ, ಸ್ವೀಕೃತಿ ಕೊಡುತ್ತೇವೆ ಎಂದು ಸಲಹೆ ಬರುತ್ತದೆ. ಕೈಗೆ ಒಂದು ಚೀಟಿ ಸಿಕ್ಕಿತಲ್ಲ ಎಂದು ಜನ ಒಪ್ಪಿಬಿಡುತ್ತಾರೆ. ಕಳೆದುಹೋದದ್ದು ಅಪರಾಧವಲ್ಲ, ಆದ್ದರಿಂದ ಅದಕ್ಕೆ ತನಿಖೆಯೂ ಇಲ್ಲ. ಮುಂದೆ ಎಸ್‌ಪಿಗೆ ‘ಕಳುವಾಗಿದೆ’ ಎಂದು ಬರೆದಾಗ ನಿಮ್ಮದೇ ಸಹಿಯ ಆ ಚೀಟಿ ನಿಮಗೆ ಅಡ್ಡ ಬರುತ್ತದೆ. ವಿಮಾ ಕಂಪನಿಯೂ ಅದನ್ನು ಕಳವಿನ ದಾಖಲೆಯೆಂದು ಒಪ್ಪುವುದು ಕಷ್ಟ.

3. ಪತ್ರ ಯಾರಿಗೆ?

ಜಿಲ್ಲೆಯಲ್ಲಾದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ, ಅಂದರೆ ಎಸ್‌ಪಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ನಗರಗಳಲ್ಲಿ ಕಮಿಷನರೇಟ್ ವ್ಯವಸ್ಥೆಯಿದೆ. ಅಲ್ಲಿ ಎಸ್‌ಪಿ ದರ್ಜೆಗೆ ಸಮನಾದವರು ಡಿಸಿಪಿ. ಠಾಣೆ ಯಾವ ವಿಭಾಗಕ್ಕೆ ಸೇರಿದೆ ಎಂದು ತಿಳಿದು ಆ ವಿಭಾಗದ ಡಿಸಿಪಿಗೆ ಬರೆಯಿರಿ, ಒಂದು ಪ್ರತಿಯನ್ನು ಪೊಲೀಸ್ ಆಯುಕ್ತರಿಗೆ ಕಳುಹಿಸಿ. ಹೆಸರು ಹಾಕಬೇಡಿ, ಹುದ್ದೆಗೆ ಬರೆಯಿರಿ. ಅಧಿಕಾರಿ ವರ್ಗವಾಗಿದ್ದರೆ ಹೆಸರಿಗೆ ಬರೆದ ಲಕೋಟೆ ಅವರ ಹಿಂದೆಯೇ ಅಲೆಯುತ್ತದೆ.

ಸರ್ಕಲ್ ಇನ್‌ಸ್ಪೆಕ್ಟರ್‌ಗೆ, ಡಿವೈಎಸ್‌ಪಿಗೆ ಹೇಳಿದರೆ ಸಾಕಲ್ಲವೇ? ಹೇಳಿ, ಎಷ್ಟೋ ಸಲ ಅಲ್ಲಿಯೇ ಕೆಲಸವಾಗುತ್ತದೆ. ಆದರೆ ಮುಂದೆ ನ್ಯಾಯಾಲಯ ಕೇಳುವುದು ಎಸ್‌ಪಿಗೆ ಬರೆದದ್ದನ್ನು. ಮುಖ್ಯಮಂತ್ರಿ, ಗೃಹ ಸಚಿವ, ಡಿಜಿಪಿ, ಆಯೋಗಗಳು ಎಂದು ಹತ್ತು ಕಡೆ ಕಳುಹಿಸಿ ಎಸ್‌ಪಿಯೊಬ್ಬರನ್ನು ಬಿಟ್ಟವರ ಪತ್ರಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಅಷ್ಟೆಲ್ಲ ಖರ್ಚು ಮಾಡಿಯೂ ಕಾನೂನಿನ ಮೆಟ್ಟಿಲು ಹತ್ತಿದಂತಾಗಿರುವುದಿಲ್ಲ.

4. ಪತ್ರ ಬರೆಯುವುದು

ಬಿಳಿ ಹಾಳೆ ಸಾಕು. ಸ್ಟಾಂಪ್ ಪೇಪರ್ ಬೇಡ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕನ್ನಡದಲ್ಲೇ ಬರೆಯಿರಿ. ನಮ್ಮ ಉದಾಹರಣೆಗೆ ಪತ್ರ ಹೀಗಿರುತ್ತದೆ:

> ಗೆ,
> ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, …… ಜಿಲ್ಲೆ.
>
> ಇಂದ,
> (ಹೆಸರು, ತಂದೆ/ತಾಯಿ/ಪತಿ/ಪತ್ನಿಯ ಹೆಸರು, ವಯಸ್ಸು, ವಿಳಾಸ, ಮೊಬೈಲ್ ಸಂಖ್ಯೆ)
>
> ವಿಷಯ: ಮಾರ್ಚ್ 10ರಂದು ನಡೆದ ಬೈಕ್ ಕಳವಿನ ಬಗ್ಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಕಲಂ 173(4)ರ ಅಡಿ ಮಾಹಿತಿ.
>
> ಮಾನ್ಯರೇ,
>
> ನಾನು …… ಸಂಖ್ಯೆಯ, ಕಪ್ಪು ಬಣ್ಣದ, …… ಮಾದರಿಯ ಬೈಕಿನ ಮಾಲೀಕ. ಎಂಜಿನ್ ಸಂಖ್ಯೆ ……, ಚಾಸಿಸ್ ಸಂಖ್ಯೆ ……. ಅಂದಾಜು ಬೆಲೆ 55,000 ರೂ.
>
> ಮಾರ್ಚ್ 10ರಂದು ಸಂಜೆ ಸುಮಾರು 6.30ಕ್ಕೆ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಪಕ್ಕ ಬೈಕ್ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ ಹೋಗಿದ್ದೆ. ರಾತ್ರಿ 8.15ಕ್ಕೆ ಬಂದಾಗ ಬೈಕ್ ಇರಲಿಲ್ಲ. ಯಾರೋ ನನ್ನ ಒಪ್ಪಿಗೆಯಿಲ್ಲದೆ ಕಳವು ಮಾಡಿಕೊಂಡು ಹೋಗಿದ್ದಾರೆ. ಎರಡೂ ಕೀಲಿಗಳು ನನ್ನ ಬಳಿಯೇ ಇವೆ. ಔಷಧಿ ಅಂಗಡಿಯ ಮುಂಭಾಗದಲ್ಲಿ ಸಿಸಿಟಿವಿ ಕ್ಯಾಮೆರಾ ಇದೆ. ಅದರ ದೃಶ್ಯ ಅಳಿಸಿಹೋಗುವ ಮುನ್ನ ವಶಕ್ಕೆ ಪಡೆಯಬೇಕೆಂದು ಕೋರುತ್ತೇನೆ.
>
> ಅದೇ ರಾತ್ರಿ 9ಕ್ಕೆ ಹಾಗೂ ಮಾರ್ಚ್ 11ರ ಬೆಳಿಗ್ಗೆ 10.30ಕ್ಕೆ …… ಠಾಣೆಗೆ ಹೋಗಿ ಮಾಹಿತಿ ನೀಡಿದೆ. ಸ್ಥಳ ತಮ್ಮ ಸರಹದ್ದಿಗೆ ಬರುವುದಿಲ್ಲವೆಂದು ಹೇಳಿ ಪ್ರಕರಣ ದಾಖಲಿಸಲಿಲ್ಲ. ಮಾರ್ಚ್ 11ರಂದೇ ದೂರನ್ನು ಸ್ಪೀಡ್ ಪೋಸ್ಟ್ ಮೂಲಕ ಠಾಣಾಧಿಕಾರಿಗೆ ಕಳುಹಿಸಿದ್ದೇನೆ. ಈವರೆಗೆ ಪ್ರಕರಣ ದಾಖಲಾಗಿಲ್ಲ.
>
> ಮೇಲಿನ ಸಂಗತಿಗಳು ಸಂಜ್ಞೇಯ ಅಪರಾಧವನ್ನು ತೋರಿಸುವುದರಿಂದ ಪ್ರಕರಣ ದಾಖಲಿಸಿ ತನಿಖೆ ನಡೆಸಲು ಆದೇಶಿಸಬೇಕೆಂದು ಕೋರುತ್ತೇನೆ.
>
> ಸ್ಥಳ, ದಿನಾಂಕ, ಸಹಿ
>
> ಲಗತ್ತುಗಳು: ಠಾಣೆಗೆ ಕೊಟ್ಟ ದೂರಿನ ಪ್ರತಿ, ಅಂಚೆ ರಸೀದಿಯ ಪ್ರತಿ, ಆರ್‌ಸಿ ಮತ್ತು ವಿಮೆಯ ಪ್ರತಿ.

ನಿರಾಕರಣೆಯ ಸಂಗತಿ ಒಂದು ಸಣ್ಣ ಪ್ಯಾರಾದಲ್ಲಿ, ದಿನಾಂಕ ಮತ್ತು ಸಮಯದೊಂದಿಗೆ ಮುಗಿದಿದೆ, ಉಳಿದದ್ದೆಲ್ಲ ಕಳವಿನದು. ಕೀಲಿಗಳು ನನ್ನ ಬಳಿಯೇ ಇವೆ ಎಂಬ ಪುಟ್ಟ ವಾಕ್ಯ ಬೈಕನ್ನು ಯಾರಿಗೋ ಕೊಟ್ಟು ಮರೆತಿರಬಹುದು ಎಂಬ ಅನುಮಾನವನ್ನು ಅಲ್ಲಿಯೇ ತಡೆಯುತ್ತದೆ. ಕ್ಯಾಮೆರಾದ ವಾಕ್ಯ ಎಲ್ಲಕ್ಕಿಂತ ತುರ್ತಿನದು. ಹಳೆಯ ದೃಶ್ಯಗಳ ಮೇಲೆಯೇ ಹೊಸವು ದಾಖಲಾಗುತ್ತ ಹೋಗುವುದರಿಂದ, ತಡವಾದರೆ ಮುಂದೆ ಎಫ್‌ಐಆರ್ ಆದರೂ ನೋಡಲು ಏನೂ ಉಳಿದಿರುವುದಿಲ್ಲ. ಅಂಗಡಿಯವರನ್ನು ನೀವೇ ಕಂಡು, ದೃಶ್ಯ ಅಳಿಸದೆ ಇಟ್ಟುಕೊಳ್ಳುವಂತೆ ಕೇಳಿಕೊಳ್ಳಿ.

ಠಾಣೆಗೆ ಕೊಟ್ಟ ದೂರಿಗೂ ಈ ಪತ್ರಕ್ಕೂ ಸಂಗತಿಗಳಲ್ಲಿ ಹೊಂದಾಣಿಕೆ ಇರಲೇಬೇಕು. ಅಲ್ಲಿ ಏಳು ಗಂಟೆ, ಇಲ್ಲಿ ಆರೂವರೆ ಎಂದಿದ್ದರೆ ಮುಂದೆ ಎದುರು ವಕೀಲರು ಬಿಡುವುದಿಲ್ಲ. ಹೊಸದಾಗಿ ನೆನಪಾದದ್ದನ್ನು ‘ಠಾಣೆಗೆ ಕೊಟ್ಟ ದೂರಿನಲ್ಲಿ ಬಿಟ್ಟುಹೋಗಿದ್ದ ಅಂಶ’ ಎಂದು ಹೇಳಿಯೇ ಸೇರಿಸಿ. ತೂಕ ಬರಲೆಂದು ಇಲ್ಲದ್ದನ್ನು ಸೇರಿಸಬೇಡಿ. ಬೈಕಿನ ಜೊತೆ ಚಿನ್ನದ ಸರವೂ ಹೋಯಿತು ಎಂದು ಬರೆಯಿಸುವ ಹಿತೈಷಿಗಳು ಇರುತ್ತಾರೆ. ಗೊತ್ತಿದ್ದೂ ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 217ರ ಅಡಿ ಅಪರಾಧ.

ಸಿಬ್ಬಂದಿ ನಿಜಕ್ಕೂ ಕೆಟ್ಟದಾಗಿ ನಡೆದುಕೊಂಡಿದ್ದರೆ, ಹಣ ಕೇಳಿದ್ದರೆ, ಅದಕ್ಕೆ ಪ್ರತ್ಯೇಕ ದೂರು ಬರೆಯಿರಿ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಿದರೆ ಅದು ಇಲಾಖಾ ವಿಚಾರಣೆಯ ಕಡತಕ್ಕೆ ಸೇರಿ, ನಿಮ್ಮ ಕಳವು ಅದರ ಅಡಿಯಲ್ಲಿ ಹೂತುಹೋಗುತ್ತದೆ. ಇದಕ್ಕೊಂದು ಮುಖ್ಯ ಹೊರತು ಇದೆ. ಅತ್ಯಾಚಾರ, ಲೈಂಗಿಕ ದೌರ್ಜನ್ಯ, ಆ್ಯಸಿಡ್ ದಾಳಿ, ಮಾನವ ಕಳ್ಳಸಾಗಣೆಯಂಥ ಪ್ರಕರಣಗಳಲ್ಲಿ ಮಾಹಿತಿ ದಾಖಲಿಸದ ಅಧಿಕಾರಿಯೇ ಭಾರತೀಯ ನ್ಯಾಯ ಸಂಹಿತೆಯ ಕಲಂ 199ರ ಅಡಿ ಆರೋಪಿಯಾಗುತ್ತಾರೆ. ಕನಿಷ್ಠ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ ಮತ್ತು ದಂಡ ಇದೆ. ಅಂಥ ಪ್ರಕರಣದಲ್ಲಿ ನಿರಾಕರಿಸಿದವರ ಹುದ್ದೆ, ಹೆಸರು ತಿಳಿದಿದ್ದರೆ ಹೆಸರು, ದಿನ, ಸಮಯವನ್ನು ಈ ಪತ್ರದಲ್ಲೇ ಬರೆಯಿರಿ.

5. ಕಳುಹಿಸುವುದು

ಪತ್ರವನ್ನು ಬರಹದಲ್ಲಿ, ಅಂಚೆಯ ಮೂಲಕ ಕಳುಹಿಸಬಹುದು ಎಂದು ಕಲಂ 173(4) ಹೇಳುತ್ತದೆ. ಎಸ್‌ಪಿ ಕಚೇರಿಯ ತಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ಮೊಹರು ಹಾಕಿಸಿಕೊಳ್ಳಬಹುದು; ಸಾಧ್ಯವಾದರೆ ಎಸ್‌ಪಿಯವರನ್ನು ಭೇಟಿಯಾಗಿ ಹೇಳುವುದು ಇನ್ನೂ ಒಳ್ಳೆಯದು. ಏನೇ ಮಾಡಿದರೂ ಅಂಚೆಯಲ್ಲಿ ಒಂದು ಪ್ರತಿ ಹೋಗಲೇಬೇಕು ಎಂಬುದು ನನ್ನ ಖಚಿತ ಸಲಹೆ. ಸ್ಪೀಡ್ ಪೋಸ್ಟ್ ಮಾಡಿ, ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಉಷ್ಣ ಕಾಗದದಲ್ಲಿ ಮುದ್ರಿಸಿದ ಚೀಟಿಯಾದರೆ ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಅದರ ಮೇಲಿನ ಸಂಖ್ಯೆಯನ್ನು ಅಂಚೆ ಇಲಾಖೆಯ ಜಾಲತಾಣದಲ್ಲಿ ಹಾಕಿ, ತಲುಪಿದ ದಿನಾಂಕ ತೋರಿಸುವ ಪುಟವನ್ನೂ ಮುದ್ರಿಸಿಟ್ಟುಕೊಳ್ಳಿ. ಮೂಲ ದಾಖಲೆಗಳನ್ನು ಲಗತ್ತಿಸಬೇಡಿ, ಜೆರಾಕ್ಸ್ ಸಾಕು. ವಾಟ್ಸ್‌ಆ್ಯಪ್ ಸಂದೇಶ, ಸಾಮಾಜಿಕ ಜಾಲತಾಣದ ಟ್ಯಾಗ್ ಇವು ಗಮನ ಸೆಳೆಯಬಹುದು, ಅಂಚೆಯ ಜಾಗ ತುಂಬುವುದಿಲ್ಲ.

ಬೈಕ್ ಕಳವಿನಂಥ ಪ್ರಕರಣದಲ್ಲಿ ವಿಮಾ ಕಂಪನಿಗೆ ತಿಳಿಸಲು ಎಫ್‌ಐಆರ್ ಆಗುವವರೆಗೆ ಕಾಯಬೇಡಿ. ಇದೇ ಪತ್ರದ ಪ್ರತಿ ಸೇರಿಸಿ ಅವರಿಗೂ ಕೂಡಲೇ ಬರಹದಲ್ಲಿ ತಿಳಿಸಿ.

6. ಕರೆ ಬಂದಾಗ

ಜನ ಹೆಚ್ಚು ಎಡವುವುದು ಇಲ್ಲಿ. ಎಸ್‌ಪಿ ಕಚೇರಿಯಲ್ಲಿ ನಿಮ್ಮ ಪತ್ರಕ್ಕೆ ಅರ್ಜಿ ಸಂಖ್ಯೆ ಬೀಳುತ್ತದೆ, ಸಾಮಾನ್ಯವಾಗಿ ಡಿವೈಎಸ್‌ಪಿ ಮೂಲಕ ಕೆಳಗಿಳಿದು ಕೊನೆಗೆ ಅದೇ ಠಾಣೆಗೆ ಬರುತ್ತದೆ. ‘ಅರ್ಜಿ ವಿಚಾರಣೆಗೆ ಬನ್ನಿ’ ಎಂದು ಅಲ್ಲಿಂದಲೇ ಫೋನ್ ಬರುತ್ತದೆ. ಮತ್ತೆ ಅವರ ಬಳಿಯೇ ಹೋಗಬೇಕೇ ಎಂದು ಬೇಸರಪಟ್ಟು ಹೋಗದೆ ಉಳಿಯಬೇಡಿ. ಹೋಗದಿದ್ದರೆ ‘ಅರ್ಜಿದಾರರು ಹಾಜರಾಗಿಲ್ಲ’ ಎಂದು ಬರೆದು ಅರ್ಜಿ ಮುಕ್ತಾಯಗೊಳಿಸುವುದು ಸುಲಭ. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಅಲ್ಲಿ ನಿಮ್ಮ ಹೇಳಿಕೆ ಬರೆದುಕೊಂಡು ಸಹಿ ಕೇಳುತ್ತಾರೆ. ಕೊನೆಯ ಸಾಲುಗಳನ್ನು ನಿಧಾನವಾಗಿ ಓದಿ. ‘ಬೈಕ್ ಹುಡುಕಿಕೊಡುವುದಾಗಿ ಠಾಣೆಯವರು ತಿಳಿಸಿರುವುದರಿಂದ ಸದರಿ ಅರ್ಜಿಯ ಮೇಲೆ ಮುಂದಿನ ಕ್ರಮ ಬೇಡ’ ಎಂಬಂಥ ವಾಕ್ಯ ಅಲ್ಲಿ ಅಡಗಿರಬಹುದು. ಅದಕ್ಕೆ ಸಹಿ ಬಿದ್ದರೆ ಎಸ್‌ಪಿಯವರ ಮೇಜಿಗೆ ಹೋಗುವ ವರದಿ ‘ಅರ್ಜಿದಾರರ ಕೋರಿಕೆಯಂತೆ ಮುಕ್ತಾಯ’ ಎಂದಾಗುತ್ತದೆ. ಒಪ್ಪದ ಸಾಲನ್ನು ಹೊಡೆದುಹಾಕಲು ಹೇಳಿ. ಒಪ್ಪದಿದ್ದರೆ ಸಹಿ ಹಾಕಬೇಡಿ. ಮನೆಗೆ ಬಂದು, ‘ಪ್ರಕರಣ ದಾಖಲಾಗಬೇಕೆಂಬುದೇ ನನ್ನ ಕೋರಿಕೆ’ ಎಂದು ಎಸ್‌ಪಿಗೆ ಇನ್ನೊಂದು ಸಣ್ಣ ಪತ್ರ ಹಾಕಿ.

ಎಫ್‌ಐಆರ್ ಆಗಿದೆ ಎಂದು ಬಾಯಲ್ಲಿ ಹೇಳಿದರೆ ನಂಬಿ ಬರಬೇಡಿ. ಅಪರಾಧ ಸಂಖ್ಯೆ, ಅಂದರೆ ಉತ್ತರ ಕರ್ನಾಟಕದ ಠಾಣೆಗಳಲ್ಲಿ ಹೇಳುವ ಗುನ್ನೆ ನಂಬರ್, ಕೇಳಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಕಲಂ 173(2) ಹೇಳುತ್ತದೆ. ಬರಿಯ ಅರ್ಜಿ ಸಂಖ್ಯೆ ಇರುವ ಚೀಟಿ ಎಫ್‌ಐಆರ್ ಅಲ್ಲ.

ದಾಖಲಿಸಲು ಬರುವುದಿಲ್ಲ ಎಂದು ತೀರ್ಮಾನಿಸಿದರೆ ಹಿಂಬರಹ ಕೊಡಿ ಎಂದು ಕೇಳಿ. ಹಿಂಬರಹವೆಂದರೆ ನಿಮ್ಮ ಅರ್ಜಿಯ ಮೇಲೆ ಏನು ನಿರ್ಧಾರವಾಯಿತು, ಏಕೆ ಎಂದು ಠಾಣೆ ಬರೆದುಕೊಡುವ ಉತ್ತರ. ಅದರಲ್ಲಿ ನಿರಾಕರಣೆಯೇ ಇದ್ದರೂ ಜೋಪಾನವಾಗಿಡಿ, ಮುಂದಿನ ಹೆಜ್ಜೆಗೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದಿಲ್ಲ. 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾಹಿತಿಯಲ್ಲಿ ಸಂಜ್ಞೇಯ ಅಪರಾಧ ಕಂಡರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದಿದೆ. ಕೌಟುಂಬಿಕ ಕಲಹ, ವ್ಯಾಪಾರ ವ್ಯವಹಾರ, ವೈದ್ಯಕೀಯ ನಿರ್ಲಕ್ಷ್ಯ, ಭ್ರಷ್ಟಾಚಾರ, ಬಹಳ ತಡವಾಗಿ ಬಂದ ದೂರುಗಳಲ್ಲಿ ಮೊದಲು ವಿಚಾರಣೆ ನಡೆಸಬಹುದು ಎಂದೂ ಅದೇ ತೀರ್ಪು ಹೇಳಿದೆ.

7. ಎಸ್‌ಪಿಯಿಂದಲೂ ಉತ್ತರ ಬರದಿದ್ದರೆ

ಎಸ್‌ಪಿ ಇಷ್ಟೇ ದಿನದಲ್ಲಿ ನಿರ್ಧರಿಸಬೇಕು ಎಂದು ಕಲಂ 173(4) ಹೇಳಿಲ್ಲ. ಪತ್ರ ತಲುಪಿದ ಮೇಲೆ ಹದಿನೈದು ದಿನ ನೋಡಿ, ಒಂದು ಜ್ಞಾಪನ ಪತ್ರ ಹಾಕಿ ಮುಂದೆ ಹೋಗುವುದು ಸರಿ ಎನ್ನುವುದು ನನ್ನ ಅಭಿಪ್ರಾಯ. ಸಾಕ್ಷ್ಯ ಅಳಿದುಹೋಗುವ ಅಥವಾ ಜೀವಭಯದ ಪ್ರಸಂಗದಲ್ಲಿ ಅಷ್ಟೂ ಕಾಯಬೇಡಿ.

ಮುಂದಿನ ಬಾಗಿಲು ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ನೇರವಾಗಿ ಹೈಕೋರ್ಟಿಗೆ ಹೋಗೋಣ ಎಂದು ಕೆಲವರು ಹೊರಡುತ್ತಾರೆ. ಎಫ್‌ಐಆರ್ ದಾಖಲಾಗದಿದ್ದಾಗ ಮೊದಲು ಎಸ್‌ಪಿ, ಬಳಿಕ ಮ್ಯಾಜಿಸ್ಟ್ರೇಟ್ ಎಂದು 2007ರಲ್ಲೇ ಸಕೀರಿ ವಾಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ. ತನಿಖೆಗೆ ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಕಲಂ 175(3)ರಲ್ಲಿದೆ. ಇಲ್ಲಿ ವಕೀಲರ ನೆರವು ಪಡೆಯಿರಿ. ಖರ್ಚು ಭರಿಸಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಅರ್ಜಿಯ ಜೊತೆ ಪ್ರಮಾಣಪತ್ರ, ಅಂದರೆ ಬರೆದದ್ದೆಲ್ಲ ನಿಜವೆಂದು ಪ್ರಮಾಣ ಮಾಡಿದ ಅಫಿಡವಿಟ್, ಇರಲೇಬೇಕು. ಠಾಣೆಗೂ ಎಸ್‌ಪಿಗೂ ಹೋಗಿ ಬಂದದ್ದನ್ನು ಅದರಲ್ಲಿ ಹೇಳಿ, ಎರಡೂ ದೂರಿನ ಪ್ರತಿ, ಎರಡೂ ಅಂಚೆ ರಸೀದಿ, ತಲುಪಿದ ದಿನಾಂಕದ ಪುಟ, ಹಿಂಬರಹವಿದ್ದರೆ ಅದನ್ನು ದಿನಾಂಕದ ಕ್ರಮದಲ್ಲಿ ಲಗತ್ತಿಸಬೇಕು. ಹೊಸ ಸಂಹಿತೆಯಲ್ಲಿ ಮ್ಯಾಜಿಸ್ಟ್ರೇಟರು ಆದೇಶಿಸುವ ಮೊದಲು ಪೊಲೀಸ್ ಅಧಿಕಾರಿಯ ವಿವರಣೆಯನ್ನೂ ಪರಿಗಣಿಸಬೇಕು, ಅಗತ್ಯವೆನಿಸಿದರೆ ತಾವೇ ವಿಚಾರಣೆಯನ್ನೂ ನಡೆಸಬಹುದು. ‘ಇವರು ಠಾಣೆಗೆ ಬಂದೇ ಇಲ್ಲ’ ಎಂದು ಆ ವಿವರಣೆಯಲ್ಲಿ ಬಂದರೆ, ಅದಕ್ಕೆ ಉತ್ತರ ಕೊಡುವುದು ಮಾರ್ಚ್ 11ರಂದು ನೀವು ಠಾಣಾಧಿಕಾರಿಗೆ ಕಳುಹಿಸಿದ ಸ್ಪೀಡ್ ಪೋಸ್ಟ್‌ನ ಚೀಟಿ.